ನೂರು ಪದಗಳಲ್ಲಿ ಒಂದು ಅಧ್ಯಾಯ: ಸಾರಾಂಶ ಬರೆಯುವಾಗ ಯಾವ ಪದ ಹೋಗಬಹುದು, ಯಾವುದು ಹೋಗಬಾರದು

ಫೈನಲ್ ಇಯರ್ ಅಣ್ಣಂದಿರು, ಅಕ್ಕಂದಿರು ರಿಪೋರ್ಟ್ ಬರೆಯೋ ಸಮಯದಲ್ಲಿ ಲೈಬ್ರರಿಯಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತೆ: "ಅಬ್‌ಸ್ಟ್ರಾಕ್ಟ್ ಕೊನೆಗೆ ಬರೆದ್ರಾಯ್ತು ಬಿಡೋ, ಅರ್ಧ ಗಂಟೆ ಕೆಲಸ." ಕೊನೆಗೆ ಬರೀಬೇಕು ಅನ್ನೋದು ಸರಿ. ಅರ್ಧ ಗಂಟೆ ಅನ್ನೋದನ್ನ ನಾವು ಒಪ್ಪಲ್ಲ. ಮೂವತ್ತು ಪುಟ ಬರೆಯುವಾಗ ಒಂದು ವಾಕ್ಯ ಸಡಿಲವಾದರೆ ಮುಂದಿನ ವಾಕ್ಯ ಅದನ್ನ ಸರಿಮಾಡುತ್ತೆ. ನೂರು ಪದಗಳಲ್ಲಿ ಆ ಅವಕಾಶ ಇರೋದಿಲ್ಲ.

ಈ ಲೇಖನದಲ್ಲಿ ಇಡೀ ಥೀಸಿಸ್‌ನ ಸಾರಾಂಶದ ಬಗ್ಗೆ ಹೇಳ್ತಿಲ್ಲ. ಥೀಸಿಸ್‌ನ ಒಂದೇ ಒಂದು ಅಧ್ಯಾಯವನ್ನು ಸಾರಾಂಶ ಮಾಡೋದು ಹೇಗೆ ಅಂತ ನೋಡೋಣ. ಸೆಮಿನಾರಿಗೆ, ಕಾನ್ಫರೆನ್ಸಿಗೆ ಕಳಿಸುವಾಗ ಸಾಮಾನ್ಯವಾಗಿ ಬೇಕಾಗೋದು ಇದೇ. ಶೋಧಗಂಗಾ ತಾಣದಲ್ಲಿ ಥೀಸಿಸ್‌ಗಳು ಅಧ್ಯಾಯಕ್ಕೊಂದು ಫೈಲ್ ಆಗಿ ಇರೋದನ್ನ ನೀವು ನೋಡಿರ್ತೀರಿ. ಅಲ್ಲಿ ಓದುಗರು ನಾಲ್ಕನೇ ಅಧ್ಯಾಯವನ್ನಷ್ಟೇ ತೆರೆಯಬಹುದು. ಮೊದಲ ಮೂರನ್ನು ಅವರು ಓದಿರಲ್ಲ.

ಒಳ್ಳೆಯ ಸಾರಾಂಶ ಹೇಗಿರುತ್ತೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ನಮ್ಮ ಗೌರಿಬಿದನೂರಿನ ಹತ್ತಿರ ಇರೋ ರೇಡಿಯೋ ದೂರದರ್ಶಕದಿಂದ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶದ ನಕ್ಷೆ ಮಾಡಿದ್ದಾರೆ. ಅದರ ಲೇಖನವನ್ನು ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಆ್ಯಂಡ್ ಆಸ್ಟ್ರಾನಮಿಯಲ್ಲಿ ಪ್ರಕಟಿಸಿದರು. ಅದರ ಸಾರಾಂಶ ಒಂದೇ ಪ್ಯಾರಾ. ಏನು ಮಾಡಿದ್ವಿ, ಯಾವ ಉಪಕರಣದಿಂದ, ಎಲ್ಲಿ ಅನ್ನೋದು ಮೊದಲ ವಾಕ್ಯದಲ್ಲೇ ಮುಗಿಯುತ್ತೆ. ಕಾಣುವ ಆಕಾಶವನ್ನೆಲ್ಲ ಒಂದೇ ದಿನದಲ್ಲಿ ನಕ್ಷೆ ಮಾಡಿದ ವಿಧಾನ ಮುಂದಿನ ವಾಕ್ಯದಲ್ಲಿ ಬರುತ್ತೆ. ಆಮೇಲೆ ಅಂಕಿಗಳು: ಎಷ್ಟು ಆಕಾಶ ಸಿಕ್ಕಿತು, ಎಷ್ಟು ಸೂಕ್ಷ್ಮವಾಗಿ ಸಿಕ್ಕಿತು. ಕೊನೆಗೆ, ಈ ನಕ್ಷೆಯನ್ನು ಯಾವ ಯಾವ ಅಧ್ಯಯನಕ್ಕೆ ಬಳಸಬಹುದು ಅನ್ನೋದು.

ಅದರಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಆವರಣದೊಳಗಿನ ಮಾತು. ನಕ್ಷೆ ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗೆ ಇದೆ ಅಂತ ಹೇಳಿ, ಅಲ್ಲೇ ಪಕ್ಕದಲ್ಲಿ, ಏಲಿಯಾಸಿಂಗ್ ಇಲ್ಲದೆ ಅಂದ್ರೆ ದಕ್ಷಿಣದ 33ರಿಂದ ಉತ್ತರದ 61 ಡಿಗ್ರಿವರೆಗೆ ಮಾತ್ರ ಅಂತ ಹೇಳಿದ್ದಾರೆ. ವಿಡಿಯೋದಲ್ಲಿ ಬಸ್ಸಿನ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತಲ್ಲ, ಆ ಜಾತಿಯ ಸುಳ್ಳು ಚಿತ್ರ ನಕ್ಷೆಯ ಅಂಚಿನಲ್ಲಿ ಬೆರೆಯಬಹುದು ಅನ್ನೋ ಎಚ್ಚರಿಕೆ ಅದು. ಪದ ಉಳಿಸಬೇಕು ಅಂತ ಆ ಆವರಣವನ್ನ ತೆಗೆದಿದ್ದರೆ ಸಾರಾಂಶ ಇನ್ನೂ ಚೆನ್ನಾಗೇ ಕಾಣ್ತಿತ್ತು. 120 ಡಿಗ್ರಿ ಅಗಲದ ನಕ್ಷೆ ಅಂದ್ರೆ ಭರ್ಜರಿ ಅಲ್ವಾ? ಆದರೆ ಪೂರ್ತಿ ನಿಜ ಆಗ್ತಿರಲಿಲ್ಲ. ಇಂಥ ಪದಗಳ ಬಗ್ಗೆಯೇ ಈ ಲೇಖನ.

ಈಗ ನಮ್ಮದೊಂದು ಅಧ್ಯಾಯ ತಗೊಳ್ಳೋಣ. ಇದು ನಿಜವಾದ ಥೀಸಿಸ್ ಅಲ್ಲ, ಅಭ್ಯಾಸಕ್ಕೆ ನಾವೇ ಕೂಡಿಸಿದ್ದು. ಬಾವಿಗಳ ಸಂಖ್ಯೆ, ಅಳತೆ ಎಲ್ಲ ಕಲ್ಪಿತ. ಯಾವ ತಾಲೂಕಿನಲ್ಲಿ ಎಷ್ಟು ಅಂತ ಬೇಕಂತಲೇ ಹಂಚಿಲ್ಲ, ಯಾಕಂದ್ರೆ ಕಲ್ಪಿತ ಅಂಕಿಯೂ ಊರಿನ ಹೆಸರಿನ ಜೊತೆ ವಾಟ್ಸಾಪಿನಲ್ಲಿ ಓಡಾಡಿಬಿಡುತ್ತೆ. ವಿಷಯ ಮಾತ್ರ ನಮ್ಮೆಲ್ಲರ ಮನೆಯದು: ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್.

ಅಧ್ಯಾಯ ಹೀಗಿದೆ ಅಂದ್ಕೊಳ್ಳಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲೂಕುಗಳಲ್ಲಿ ತಲಾ 10 ಬಾವಿ, ಎಲ್ಲವೂ ಜನ ಕುಡಿಯೋಕೆ ಬಳಸೋವು. ಏಪ್ರಿಲ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ನೀರು ತಂದು ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆದಿದ್ದಾರೆ. ಏಪ್ರಿಲ್‌ನಲ್ಲಿ 40ರಲ್ಲಿ 18 ಬಾವಿಗಳು ಲೀಟರಿಗೆ 1.5 ಮಿಲಿಗ್ರಾಂ ದಾಟಿವೆ, ನವೆಂಬರ್‌ನಲ್ಲಿ 13. ಏಪ್ರಿಲ್‌ನ ಸರಾಸರಿ 1.4. 250 ಮೀಟರಿಗಿಂತ ಆಳದ ಬಾವಿಗಳು 16, ಅವುಗಳಲ್ಲಿ ಏಪ್ರಿಲ್‌ನಲ್ಲಿ ದಾಟಿದ್ದು 12. ಉಳಿದ 24ರಲ್ಲಿ ದಾಟಿದ್ದು 6.

ಒಟ್ಟು 32 ಪುಟ. ಅದರಲ್ಲಿ 9 ಪುಟ ಪೀಠಿಕೆ ಮತ್ತು ಹಿಂದಿನವರ ಕೆಲಸ, 5 ಪುಟ ಇಲ್ಲಿನ ಬಂಡೆಗಳ ವಿವರ, 8 ಪುಟ ವಿಧಾನ, 7 ಪುಟ ಫಲಿತಾಂಶ, 3 ಪುಟ ಚರ್ಚೆ ಮತ್ತು ತೀರ್ಮಾನ. ನಮಗೆ ಕೊಟ್ಟಿರೋ ಮಿತಿ 100 ಪದ. ಮೀರಿದರೆ ಫಾರ್ಮ್ ತಗೊಳ್ಳಲ್ಲ.

ಸಾಮಾನ್ಯವಾಗಿ ಜನ ಏನು ಮಾಡ್ತಾರೆ? ಅಧ್ಯಾಯವನ್ನ ಮೊದಲ ಪುಟದಿಂದ ಓದ್ತಾ, ಪ್ರತಿ ಭಾಗಕ್ಕೂ ಒಂದೊಂದು ವಾಕ್ಯ ಅಂತ ಕುಗ್ಗಿಸ್ತಾ ಹೋಗ್ತಾರೆ. ಫೋಟೋವನ್ನ ಝೂಮ್ ಔಟ್ ಮಾಡಿದ ಹಾಗೆ. ಆಗ ಏನಾಗುತ್ತೆ ಅಂದ್ರೆ, 32ರಲ್ಲಿ 14 ಪುಟ ತಿಂದ ಪೀಠಿಕೆ ಮತ್ತು ಬಂಡೆ, ಸಾರಾಂಶದಲ್ಲೂ ಹತ್ತಿರ ಹತ್ತಿರ ಅರ್ಧ ತಿಂತವೆ. ಇಂಥ ಕರಡಿನ ಆರಂಭ ಹೀಗಿರುತ್ತೆ:

"ನೀರು ಮನುಷ್ಯನ ಮೂಲಭೂತ ಅವಶ್ಯಕತೆಗಳಲ್ಲಿ ಒಂದು. ಶಾಶ್ವತ ನದಿಗಳಿಲ್ಲದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಜನರು ಕುಡಿಯುವ ನೀರಿಗಾಗಿ ಕೊಳವೆಬಾವಿಗಳನ್ನೇ ನಂಬಿಕೊಂಡಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಬಾವಿಗಳು ಆಳಕ್ಕೆ ಇಳಿಯುತ್ತಿದ್ದು ಫ್ಲೋರೈಡ್ ಸಮಸ್ಯೆ ಎಲ್ಲರ ಗಮನ ಸೆಳೆದಿದೆ. ಈ ಹಿನ್ನೆಲೆಯಲ್ಲಿ ಫ್ಲೋರೈಡ್ ಬಗ್ಗೆ ಒಂದು ಸಮಗ್ರ ಅಧ್ಯಯನವನ್ನು ನಡೆಸಲು ಪ್ರಯತ್ನಿಸಲಾಗಿದೆ."

ಎಣಿಸಿ ನೋಡಿ, 33 ಪದ. ಮಿತಿಯ ಮೂರನೇ ಒಂದು ಭಾಗ ಖರ್ಚಾಯ್ತು, ಇನ್ನೂ ಪ್ರಶ್ನೆ ಏನು ಅಂತಲೇ ಗೊತ್ತಾಗಿಲ್ಲ. ಮೊದಲ ವಾಕ್ಯ ಯಾವ ನೀರಿನ ಲೇಖನಕ್ಕೂ ಹೊಂದುತ್ತೆ, ಆದ್ದರಿಂದ ಹೋಗಲಿ. ಎರಡನೆಯದು, ಮೂರನೆಯದು ನಿಜ, ಆದರೆ ಅವು ಈ ಅಧ್ಯಾಯ ಕಂಡುಹಿಡಿದದ್ದಲ್ಲ. ನಾಲ್ಕನೆಯದೇ ನಿಜವಾದ ಕಿಲಾಡಿ: "ಸಮಗ್ರ ಅಧ್ಯಯನ ನಡೆಸಲು ಪ್ರಯತ್ನಿಸಲಾಗಿದೆ." ಉದ್ದೇಶ ಹೇಳಿದ ಹಾಗೆ ಇದೆ, ಹೇಳಿಲ್ಲ.

ಅದಕ್ಕೇ ನಾವು ಅಧ್ಯಾಯವನ್ನ ಹಿಂದಿನಿಂದ ಓದ್ತೀವಿ. ಮೊದಲು ಫಲಿತಾಂಶದ ಟೇಬಲ್, ಆಮೇಲೆ ತೀರ್ಮಾನ, ಆಮೇಲೆ ವಿಧಾನ, ಕೊನೆಗೆ ಉದ್ದೇಶ. ಓದಿದ ಮೇಲೆ ಫೈಲ್ ಮುಚ್ಚಿ, ಒಂದು ಬಿಳಿ ಹಾಳೆ ಮೇಲೆ ನಾಲ್ಕು ಉತ್ತರ ಬರೀಬೇಕು: ಏನು ತಿಳ್ಕೊಳ್ಳೋಕೆ ಹೊರಟ್ರು, ಹೇಗೆ ನೋಡಿದ್ರು, ಏನು ಸಿಕ್ತು, ಅದರಿಂದ ಏನು ಹೇಳಬಹುದು. ಫೈಲ್ ಮುಚ್ಚೋದು ಮುಖ್ಯ. ತೆರೆದಿದ್ದರೆ ಕೈ ತಾನಾಗೇ ಕಾಪಿ-ಪೇಸ್ಟ್ ಕಡೆ ಹೋಗುತ್ತೆ, ಹಾಗೆ ತಂದ ವಾಕ್ಯದ ಜೊತೆ "ಮೇಲೆ ತಿಳಿಸಿದಂತೆ", "ಕೋಷ್ಟಕ 4.3ರಲ್ಲಿ ತೋರಿಸಿರುವಂತೆ" ಅನ್ನೋ ಬಾಲಗಳೂ ಬರ್ತವೆ. ಸಾರಾಂಶ ಓದೋರ ಹತ್ತಿರ ಆ ಕೋಷ್ಟಕ ಇರೋದೇ ಇಲ್ಲ.

ಇಲ್ಲಿ ಅಧ್ಯಾಯಕ್ಕೆ ಮಾತ್ರ ಬರೋ ಒಂದು ತೊಂದರೆ ಇದೆ. ಇಡೀ ಥೀಸಿಸ್‌ನಲ್ಲಿ ನಾಲ್ಕೂ ಉತ್ತರ ಎಲ್ಲೋ ಒಂದು ಕಡೆ ಇರುತ್ತೆ. ಒಂದೇ ಅಧ್ಯಾಯದಲ್ಲಿ ಅವು ಪೂರ್ತಿ ಇರಬೇಕು ಅಂತಿಲ್ಲ. ಉದ್ದೇಶ ಒಂದನೇ ಅಧ್ಯಾಯದಲ್ಲಿ ಕೂತಿರುತ್ತೆ, ಬಾವಿಗಳನ್ನ ಹೇಗೆ ಆರಿಸಿದ್ರು ಅನ್ನೋದು ಮೂರರಲ್ಲಿ, ತೀರ್ಮಾನ ಕೊನೇ ಅಧ್ಯಾಯದಲ್ಲಿ. ಹಾಳೆಯಲ್ಲಿ ಒಂದು ಉತ್ತರ ಖಾಲಿ ಉಳಿದರೆ ಊಹೆ ಮಾಡಿ ತುಂಬಬಾರದು, ಹೋಗಿ ಹುಡುಕಿ ತರಬೇಕು. ಒಂದನೇ ಅಧ್ಯಾಯದಿಂದ ಉದ್ದೇಶ ತರುವಾಗಲೂ ಎಚ್ಚರ. ಅದು ಇಡೀ ಥೀಸಿಸ್‌ನ ಉದ್ದೇಶ. ನಮ್ಮ ಉದಾಹರಣೆಯಲ್ಲಿ ಥೀಸಿಸ್ "ಅಂತರ್ಜಲದ ಗುಣಮಟ್ಟ"ದ ಬಗ್ಗೆ ಇರಬಹುದು, ಈ ಅಧ್ಯಾಯ ಕೇಳಿದ್ದು ಫ್ಲೋರೈಡ್ ಆಳಕ್ಕೆ ಮತ್ತು ಮಳೆಗೆ ತಕ್ಕಂತೆ ಬದಲಾಗುತ್ತಾ ಅಂತ ಮಾತ್ರ. ದೊಡ್ಡ ಉದ್ದೇಶ ಬರೆದು ಸಣ್ಣ ಫಲಿತಾಂಶ ಕೊಟ್ಟರೆ ಓದುಗರಿಗೆ ಮೋಸ ಆದ ಹಾಗೆ ಅನಿಸುತ್ತೆ.

ಪದಗಳನ್ನ ಮೊದಲೇ ಹಂಚಿಕೊಳ್ಳೋದು ಒಳ್ಳೇದು. ನಾವು ಉದ್ದೇಶಕ್ಕೆ 20, ವಿಧಾನಕ್ಕೆ 20, ಫಲಿತಾಂಶಕ್ಕೆ 30, ತೀರ್ಮಾನಕ್ಕೆ 30 ಅಂತ ಇಟ್ಟುಕೊಂಡ್ವಿ. ಇದು ಶಾಸ್ತ್ರ ಏನಲ್ಲ. ಅಧ್ಯಾಯವೇ ಒಂದು ಹೊಸ ಅಳತೆಯ ವಿಧಾನದ ಬಗ್ಗೆ ಇದ್ದರೆ ವಿಧಾನಕ್ಕೆ 40 ಕೊಡಬೇಕಾಗುತ್ತೆ.

ವಿಧಾನದ 8 ಪುಟದಲ್ಲಿ ಏನೇನಿದೆ? ನೀರನ್ನ ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದದ್ದು, ಅಳೆಯುವ ಮೊದಲು ಟಿಸ್ಯಾಬ್ ಬಫರ್ ಬೆರೆಸಿದ್ದು, ಗೊತ್ತಿರೋ ದ್ರಾವಣಗಳಿಂದ ಎಲೆಕ್ಟ್ರೋಡ್ ಸರಿ ಇದೆಯಾ ಅಂತ ನೋಡಿಕೊಂಡದ್ದು, ಮೀಟರಿನ ಮಾಡೆಲ್ ನಂಬರ್. ಲ್ಯಾಬಿನಲ್ಲಿ ಇವೆಲ್ಲ ಬೇಕೇ ಬೇಕು. ಬಫರ್ ಹಾಕದಿದ್ದರೆ ನೀರಿನಲ್ಲಿರೋ ಅಲ್ಯೂಮಿನಿಯಂ, ಕಬ್ಬಿಣ ಫ್ಲೋರೈಡನ್ನ ಹಿಡಿದಿಟ್ಟುಕೊಂಡು ಅಳತೆ ಕಡಿಮೆ ತೋರಿಸುತ್ತೆ. ಆದರೆ ಇವು ಈ ಕೆಲಸ ಮಾಡೋರೆಲ್ಲ ಮಾಡೋ ಕ್ರಮ. "ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ" ಅಂದ ತಕ್ಷಣ ತಿಳಿದವರಿಗೆ ಉಳಿದದ್ದು ಅರ್ಥ ಆಗುತ್ತೆ. ತಿಳಿದವರೂ ಊಹಿಸಲಾಗದ ನಾಲ್ಕು ಸಂಗತಿ ಮಾತ್ರ ಉಳಿಸಬೇಕು: ಎಷ್ಟು ಬಾವಿ, ಎಲ್ಲಿಯವು, ಯಾವ ತಿಂಗಳು, ಹೇಗೆ ಆರಿಸಿದ್ದು. "ಕುಡಿಯಲು ಬಳಸುವ" ಅನ್ನೋ ಎರಡು ಪದ ಸುಮ್ಮನೆ ಇದ್ದಂತೆ ಕಾಣುತ್ತೆ. ಅದನ್ನ ತೆಗೆದರೆ ತೋಟದ ಬಾವಿಗಳೂ ಇದರಲ್ಲಿ ಸೇರಿವೆ ಅಂತ ಓದುಗರು ಅಂದ್ಕೊಳ್ತಾರೆ.

ಫಲಿತಾಂಶ ಬಂದಾಗ ಕೆಲವರು ಬರೆಯೋ ವಾಕ್ಯ ಒಂದಿದೆ: "ಫಲಿತಾಂಶಗಳನ್ನು ವಿವರವಾಗಿ ಚರ್ಚಿಸಲಾಗಿದೆ." ಮದುವೆ ಮನೆಯಲ್ಲಿ ಎಲೆ ಹಾಕಿ, "ಒಳಗೆ ಒಬ್ಬಟ್ಟು ಮಾಡಿದ್ದೀವಿ" ಅಂತ ಹೇಳಿ ಕಳಿಸಿದ ಹಾಗೆ. ಚರ್ಚಿಸಲಾಗಿದೆ, ವಿಶ್ಲೇಷಿಸಲಾಗಿದೆ, ಬೆಳಕು ಚೆಲ್ಲಲಾಗಿದೆ, ಈ ಮೂರು ಕ್ರಿಯಾಪದ ಸಾರಾಂಶದಲ್ಲಿ ಕಂಡರೆ ಅಲ್ಲಿ ಒಂದು ಅಂಕಿ ಇರಬೇಕಿತ್ತು, ಇಲ್ಲ ಅಂತ ಅರ್ಥ.

ಯಾವ ಅಂಕಿ ಅನ್ನೋದು ಮುಂದಿನ ಪ್ರಶ್ನೆ. ಏಳು ಪುಟದಲ್ಲಿ ಬೇಕಾದಷ್ಟು ಅಂಕಿಗಳಿವೆ. ಏಪ್ರಿಲ್‌ನ ಸರಾಸರಿ 1.4 ಅಂತ ಬರೆದರೆ ಮೂರೇ ಪದದಲ್ಲಿ ಕೆಲಸ ಮುಗೀತು. ಆದರೆ ಓದಿದವರಿಗೆ ಏನನಿಸುತ್ತೆ? 1.5ರ ಒಳಗೇ ಇದೆ, ಪರವಾಗಿಲ್ಲ. ಅದೇ ಏಪ್ರಿಲ್‌ನಲ್ಲಿ 18 ಬಾವಿಗಳು ಮಿತಿ ದಾಟಿವೆ. ಸರಾಸರಿ ನೀರನ್ನ ಯಾರೂ ಕುಡಿಯಲ್ಲ, ತಮ್ಮ ಊರಿನ ಬಾವಿಯ ನೀರನ್ನೇ ಕುಡಿಯೋದು. ಆದ್ದರಿಂದ ಇಲ್ಲಿ ಎಣಿಕೆಯೇ ಸರಿಯಾದ ಅಂಕಿ.

ಎಣಿಕೆಯನ್ನ ಶೇಕಡಾ ಮಾಡಿದರೂ ಪದ ಉಳಿಯುತ್ತೆ. "16 ಬಾವಿಗಳ ಪೈಕಿ 12" ಅನ್ನೋ ನಾಲ್ಕು ಪದದ ಜಾಗದಲ್ಲಿ "75%" ಅಂತ ಒಂದೇ. ನಾವು ಬೇಡ ಅಂತೀವಿ. 75% ಅಂದಾಗ ಅದು 16 ಬಾವಿಯದೋ, 1600 ಬಾವಿಯದೋ ಗೊತ್ತಾಗಲ್ಲ. 16ರಲ್ಲಿ ಎರಡು ಬಾವಿ ಆಚೀಚೆ ಆದರೂ 75 ಅನ್ನೋದು 60ರ ಆಸುಪಾಸಿಗೋ 90ರ ಆಸುಪಾಸಿಗೋ ಜಿಗಿಯುತ್ತೆ. ಸಣ್ಣ ಸಂಖ್ಯೆ ಇದ್ದಾಗ ಸಂಖ್ಯೆಯನ್ನೇ ಬರೆಯೋದು ಪ್ರಾಮಾಣಿಕ.

ಮಿತಿ ಅನ್ನೋ ಪದಕ್ಕೂ ಅಂಕಿ ಬೇಕು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, IS 10500:2012, ಫ್ಲೋರೈಡಿಗೆ ಎರಡು ಗೆರೆ ಎಳೆದಿದೆ. ಲೀಟರಿಗೆ 1.0 ಮಿಲಿಗ್ರಾಂವರೆಗೆ ಒಪ್ಪಬಹುದು, ಬೇರೆ ನೀರಿನ ಮೂಲವೇ ಇಲ್ಲ ಅಂದ್ರೆ 1.5ರವರೆಗೆ ಬಿಡಬಹುದು. ಸಾರಾಂಶದಲ್ಲಿ ಬರೀ "ಮಿತಿ ಮೀರಿದವು" ಅಂತ ಬರೆದರೆ ಓದುಗರು ಯಾವ ಗೆರೆ ಅಂತ ತಿಳ್ಕೋಬೇಕು? 1.0 ಅಂತ ಇಟ್ಟುಕೊಂಡರೆ 18ರ ಬದಲು ಇನ್ನೂ ಹೆಚ್ಚು ಬಾವಿಗಳು ಆಚೆ ಬೀಳಬಹುದು. "ಲೀಟರಿಗೆ 1.5 ಮಿಲಿಗ್ರಾಂ" ಅನ್ನೋ ಮೂರು ಪದ ಎಷ್ಟೇ ಬಿಗಿಯಾದ ಮಿತಿಯಲ್ಲೂ ಹೋಗಬಾರದು.

ಇನ್ನು ತೀರ್ಮಾನ. ಕನ್ನಡದಲ್ಲಿ ಬರೆಯೋರು ಇಲ್ಲಿ ವಿಶೇಷವಾಗಿ ಹುಷಾರಾಗಿರಬೇಕು, ಯಾಕಂದ್ರೆ ನಮ್ಮ ಭಾಷೆಯಲ್ಲಿ ಒಂದು ಪ್ರತ್ಯಯ ಇಡೀ ವಾದವನ್ನ ಬದಲಾಯಿಸಿಬಿಡುತ್ತೆ. ಈ ಎರಡು ವಾಕ್ಯ ನೋಡಿ:

"ಆಳ ಹೆಚ್ಚಿದ್ದರಿಂದ ಫ್ಲೋರೈಡ್ ಹೆಚ್ಚಿತ್ತು."
"ಆಳ ಹೆಚ್ಚಿದ್ದಲ್ಲಿ ಫ್ಲೋರೈಡ್ ಹೆಚ್ಚಿತ್ತು."

ಎರಡರಲ್ಲೂ ನಾಲ್ಕೇ ಪದ. ಮೊದಲನೆಯದು ಆಳವೇ ಕಾರಣ ಅನ್ನುತ್ತೆ. ಎರಡನೆಯದು ಆಳ ಮತ್ತು ಫ್ಲೋರೈಡ್ ಒಟ್ಟಿಗೆ ಕಂಡವು ಅಂತ ಮಾತ್ರ ಹೇಳುತ್ತೆ. ನಮ್ಮ ಕಡೆಯ ಗ್ರಾನೈಟ್, ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇರುತ್ತೆ, ನೀರು ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತಷ್ಟೂ ಅದು ಕರಗುತ್ತೆ ಅನ್ನೋದು ಪುಸ್ತಕದಲ್ಲಿರೋ ವಿವರಣೆ. ಅಧ್ಯಾಯದ 5 ಪುಟದಲ್ಲೂ ಅದು ಬಂದಿದೆ. ಆದರೆ ಈ ಅಧ್ಯಾಯದಲ್ಲಿ ಯಾರೂ ಬಂಡೆಯನ್ನ ಪರೀಕ್ಷೆ ಮಾಡಿಲ್ಲ, ನೀರು ಎಷ್ಟು ವರ್ಷ ಹಳೆಯದು ಅಂತ ಅಳೆದಿಲ್ಲ. ಹಾಗಾಗಿ ಕಾರಣ ಹೇಳೋ ಹಕ್ಕು ಸಾರಾಂಶಕ್ಕಿಲ್ಲ. "-ದರಿಂದ" ಬರೆದಾಗಲೆಲ್ಲ ಒಂದು ಸಲ ನಿಂತು, ಇದನ್ನ ಅಧ್ಯಾಯದಲ್ಲಿ ತೋರಿಸಿದ್ದಾರಾ ಅಂತ ಕೇಳ್ಕೊಳ್ಳಿ.

ಇನ್ನೊಂದು ಪದ "ಪರೀಕ್ಷಿಸಿದ". ಸಾರಾಂಶ 105 ಪದಕ್ಕೆ ಬಂದು ನಿಂತಾಗ, ಇನ್ನೂ ಐದು ತೆಗೀಬೇಕು ಅಂದಾಗ, ಮೊದಲು ಕಣ್ಣಿಗೆ ಬೀಳೋದು ಇಂಥ ವಿಶೇಷಣಗಳೇ. ತೆಗೆದರೆ ವ್ಯಾಕರಣ ಕೆಡಲ್ಲ, ವಾಕ್ಯ ಇನ್ನೂ ಚುರುಕಾಗುತ್ತೆ: "ಬಾವಿಗಳಲ್ಲಿ ಆಳ ಹೆಚ್ಚಿದ್ದಲ್ಲಿ ಫ್ಲೋರೈಡ್ ಮಿತಿ ಮೀರುತ್ತದೆ." ಈಗ ಅದು 40 ಬಾವಿಗಳ ಮಾತಲ್ಲ, ಜಗತ್ತಿನ ಎಲ್ಲ ಬಾವಿಗಳ ಮಾತು. ಗೌರಿಬಿದನೂರಿನ ನಕ್ಷೆಯವರು ಆವರಣದಲ್ಲಿ ಉಳಿಸಿಕೊಂಡದ್ದು ಇದೇ ಥರದ್ದು.

ಇದು ಬರೀ ಶೈಲಿಯ ವಿಷಯ ಅಲ್ಲ. ಇಂಥ ಸಾರಾಂಶವನ್ನ ಗ್ರಾಮ ಪಂಚಾಯ್ತಿಯ ಸದಸ್ಯರೊಬ್ಬರು ಓದ್ತಾರೆ ಅಂದ್ಕೊಳ್ಳಿ. ಪೂರ್ತಿ ಅಧ್ಯಾಯ ಇಂಗ್ಲಿಷಿನಲ್ಲಿ ಇರುತ್ತೆ, ಅವರು ಅದನ್ನ ತೆರೆಯಲ್ಲ. "ಮಳೆಯ ನಂತರ ಫ್ಲೋರೈಡ್ ಕಡಿಮೆಯಾಯಿತು" ಅಂತ ಮಾತ್ರ ಬರೆದಿದ್ದರೆ, ನವೆಂಬರ್‌ನಲ್ಲಿ ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿ ಬಾವಿಗೆ ಮೋಟರ್ ಇಳಿಸಿಬಿಡಬಹುದು. ಆ ವಾಕ್ಯ ಸುಳ್ಳಲ್ಲ, 18 ಇದ್ದದ್ದು 13 ಆಗಿದೆ. ಆದರೆ 13 ಇನ್ನೂ ಮೇಲೇ ಇದೆ, ಬೇಸಿಗೆಯಲ್ಲಿ ಇನ್ನೂ 5 ಮೇಲೆ ಹೋಗ್ತವೆ. ಫ್ಲೋರೈಡ್ ಇರೋ ನೀರು ಕಣ್ಣಿಗೆ ತಿಳಿಯಾಗೇ ಕಾಣುತ್ತೆ, ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತೆ. ಮಕ್ಕಳ ಹಲ್ಲಿನ ಮೇಲೆ ಕಲೆ ಕಾಣೋ ಹೊತ್ತಿಗೆ ವರ್ಷಗಳು ಕಳೆದಿರುತ್ತೆ.

ಇಷ್ಟೆಲ್ಲ ಆದಮೇಲೆ ನಮ್ಮ ಸಾರಾಂಶ ಹೀಗೆ ಬಂತು:

"ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣವು ಬಾವಿಯ ಆಳಕ್ಕೆ ಮತ್ತು ಮಳೆಗಾಲಕ್ಕೆ ತಕ್ಕಂತೆ ಬದಲಾಗುತ್ತದೆಯೇ ಎಂದು ತಿಳಿಯುವುದು ಈ ಅಧ್ಯಯನದ ಉದ್ದೇಶ. ಪ್ರತಿ ತಾಲೂಕಿನಿಂದ ಕುಡಿಯಲು ಬಳಸುವ 10 ಬಾವಿಗಳನ್ನು ಆರಿಸಿ, ಒಟ್ಟು 40 ಬಾವಿಗಳ ನೀರನ್ನು ಏಪ್ರಿಲ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆಯಲಾಯಿತು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಏಪ್ರಿಲ್‌ನಲ್ಲಿ 18, ನವೆಂಬರ್‌ನಲ್ಲಿ 13 ಬಾವಿಗಳು ಮೀರಿದವು. ಏಪ್ರಿಲ್‌ನಲ್ಲಿ 250 ಮೀಟರಿಗಿಂತ ಆಳದ 16 ಬಾವಿಗಳ ಪೈಕಿ 12, ಉಳಿದ 24ರ ಪೈಕಿ 6 ಮಿತಿ ಮೀರಿದ್ದವು. ಪರೀಕ್ಷಿಸಿದ ಬಾವಿಗಳಲ್ಲಿ ಆಳ ಹೆಚ್ಚಿದ್ದಲ್ಲಿ ಫ್ಲೋರೈಡ್ ಮಿತಿ ಮೀರುವ ಸಾಧ್ಯತೆ ಹೆಚ್ಚಿತ್ತು. ಮಳೆಯ ನಂತರವೂ ಮೂರರಲ್ಲೊಂದು ಬಾವಿ ಮಿತಿಗಿಂತ ಮೇಲೆಯೇ ಉಳಿಯಿತು. ಇವು ಆರಿಸಿದ ಬಾವಿಗಳ ಒಂದೇ ವರ್ಷದ ಮಾಪನಗಳು; ಇಡೀ ತಾಲೂಕಿಗೆ ಅನ್ವಯಿಸುವುದಿಲ್ಲ. ಆಳದ ಬಾವಿಯ ನೀರನ್ನು ಕುಡಿಯಲು ಒಪ್ಪುವ ಮುನ್ನ ಬೇಸಿಗೆಯಲ್ಲಿ ಪರೀಕ್ಷಿಸುವುದು ಅಗತ್ಯ."

95 ಪದ. ಉದ್ದೇಶ 19, ವಿಧಾನ 18, ಫಲಿತಾಂಶ 24, ತೀರ್ಮಾನ 34. ತೀರ್ಮಾನ ನಾಲ್ಕು ಪದ ಹೆಚ್ಚು ತಗೊಂಡಿದೆ, ಫಲಿತಾಂಶದಲ್ಲಿ ಉಳಿದದ್ದನ್ನ ಅಲ್ಲಿಗೆ ಕೊಟ್ವಿ. ಬಂಡೆಯ ಬಗ್ಗೆ ಒಂದು ಪದವೂ ಇಲ್ಲ. ಬರೆದವರಿಗೆ ಹೊಟ್ಟೆ ಉರಿಯುತ್ತೆ, 5 ಪುಟ ಬರೆದಿರ್ತಾರಲ್ಲ. ಆದರೆ ಅದು ಹಿನ್ನೆಲೆ, ಅವರು ಕಂಡುಹಿಡಿದದ್ದಲ್ಲ.

ಒಂದು ತಾಳೆ ನೋಡೋದು ಬಾಕಿ ಇದೆ. 12 ಮತ್ತು 6 ಸೇರಿ 18, 16 ಮತ್ತು 24 ಸೇರಿ 40. ಸಾರಾಂಶದಲ್ಲಿರೋ ಅಂಕಿಗಳು ತಮ್ಮೊಳಗೆ ಕೂಡಬೇಕು, ಆಮೇಲೆ ಅಧ್ಯಾಯದ ಟೇಬಲ್ ಜೊತೆಗೂ ಕೂಡಬೇಕು. ಗೈಡ್ ಹೇಳಿದರು ಅಂತ ಕೊನೇ ವಾರ ಒಂದು ಬಾವಿಯನ್ನ ಟೇಬಲ್‌ನಿಂದ ತೆಗೆದು ಸಾರಾಂಶ ಹಾಗೇ ಬಿಟ್ಟರೆ, ವೈವಾದಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತೆ.

ಎಣಿಸೋ ವಿಷಯ. ವರ್ಡ್‌ನಲ್ಲಿ ಎರಡು ಖಾಲಿ ಜಾಗದ ನಡುವೆ ಇರೋದೆಲ್ಲ ಒಂದು ಪದ. ಹಾಗಾಗಿ "24ರ" ಒಂದು, "1.5 ಮಿಲಿಗ್ರಾಂ" ಎರಡು. "ಕೊಳವೆಬಾವಿ" ಅಂತ ಕೂಡಿಸಿ ಬರೆಯೋದು ಸರಿ, ಅದು ಸಮಾಸ. ಮಿತಿಗೋಸ್ಕರ "ಫ್ಲೋರೈಡ್‌ಪ್ರಮಾಣವು", "ಮಿತಿಮೀರಿದ್ದವು" ಅಂತ ಖಾಲಿ ಜಾಗಗಳನ್ನೆಲ್ಲ ಅಳಿಸ್ತಾ ಹೋದರೆ ಕಂಪ್ಯೂಟರ್ ಒಪ್ಪಬಹುದು, ಓದೋರು ಉಸಿರು ಕಟ್ಟಿಕೊಂಡು ಓದಬೇಕು.

ಕನ್ನಡ ಮೊದಲೇ ಮಿತವ್ಯಯಿ. "ಪರೀಕ್ಷಿಸಿದ ಕೊಳವೆಬಾವಿಗಳಲ್ಲಿ" ಅನ್ನೋ ಎರಡು ಪದವನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳೋಕೆ ಐದಾರು ಪದ ಬೇಕು, ಯಾಕಂದ್ರೆ ನಮ್ಮ ವಿಭಕ್ತಿ ಪದದೊಳಗೇ ಸೇರಿಕೊಂಡಿರುತ್ತೆ, ಅವರದ್ದು ಬೇರೆ ಪದವಾಗಿ ನಿಲ್ಲುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರು ಮೊದಲು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ತರ್ತೀವಿ. ಹಾಗೆ ಮಾಡಿದಾಗ ಇಂಗ್ಲಿಷಿನ ಮಿತಿಗೋಸ್ಕರ ಕತ್ತರಿಸಿದ "ಪರೀಕ್ಷಿಸಿದ", "ಏಪ್ರಿಲ್‌ನಲ್ಲಿ" ಥರದ ಪದಗಳು ಕನ್ನಡದಲ್ಲೂ ಮಾಯ ಆಗಿರ್ತವೆ, ಕನ್ನಡದಲ್ಲಿ ಅವಕ್ಕೆ ಜಾಗ ಇದ್ದರೂ. ಎರಡೂ ಭಾಷೆಯ ಸಾರಾಂಶ ಕೇಳಿದ್ದರೆ ಬಿಳಿ ಹಾಳೆಯ ನಾಲ್ಕು ಉತ್ತರದಿಂದ ಎರಡನ್ನೂ ಬೇರೆ ಬೇರೆ ಬರೆಯೋದು ವಾಸಿ.

ಕೊನೆಗೆ ಬೇರೆ ಬ್ರಾಂಚಿನ ಗೆಳೆಯರೊಬ್ಬರಿಗೆ ಓದೋಕೆ ಕೊಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳ್ತಾರೆ. ಸಾರಾಂಶವನ್ನ ವಾಪಸ್ ತಗೊಂಡು, "ಎಷ್ಟು ಬಾವಿ? ಯಾವ ಮಿತಿ? ಮಳೆ ಆದಮೇಲೆ ನೀರು ಸರಿಹೋಯ್ತಾ?" ಅಂತ ಕೇಳಿ. ಮೂರನೇ ಪ್ರಶ್ನೆಗೆ ಅವರು "ಹೌದು" ಅಂದರೆ ತೀರ್ಮಾನದ ವಾಕ್ಯವನ್ನ ಮತ್ತೆ ಬರೀಬೇಕು. ಅದಕ್ಕೆ ಇನ್ನೂ ಐದು ಪದ ಬಾಕಿ ಇದೆ.